ಸರ್ಟಿಫಿಕೇಟ್ ನೋಡಿ ಕೋರ್ಸ್ ಹಿಡೀಬೇಡಿ, ಮೇಜಿನ ಮೇಲಿರೋ ಕೆಲಸ ನೋಡಿ ಹಿಡೀರಿ



ಇದು ಸ್ವಲ್ಪ ಉದ್ದದ ಬರಹ, ಬಿಡುವು ಮಾಡಿಕೊಂಡು ಓದ್ರಿ. ನಮ್ಮ ಹುಡುಗ ಹುಡುಗಿಯರು, ಸಂಘಟನೆಯ ಅಣ್ಣ ಅಕ್ಕಂದಿರು ಮೇಲಿಂದ ಮೇಲೆ ಕೇಳೋ ಪ್ರಶ್ನೆ ಒಂದೇ: "ಆನ್‌ಲೈನ್‌ನಾಗ ಯಾವ ಕೋರ್ಸ್ ಮಾಡ್ಲಿ ಅಣ್ಣ?" ಈ ಪ್ರಶ್ನೆಗೆ ನಾನು ಕೋರ್ಸಿನ ಹೆಸರು ಹೇಳುವುದಿಲ್ಲ. ತಿರುಗಿ ಕೇಳ್ತೀನಿ: "ಈಗ ನಿನ್ನ ಕೈಯಾಗ ಅರ್ಧಕ್ಕೆ ನಿಂತಿರೋ ಕೆಲಸ ಯಾವುದು?" ಅದಕ್ಕೆ ಉತ್ತರ ಸಿಕ್ಕರೆ ಕೋರ್ಸ್ ತಾನಾಗಿ ಸಿಗುತ್ತದೆ, ಮುಗಿಯುತ್ತದೆ ಕೂಡ. ಉತ್ತರ ಇಲ್ಲದಿದ್ದರೆ ಎಷ್ಟು ಒಳ್ಳೆ ಕೋರ್ಸ್ ಆದರೂ ಮೂರನೇ ವಾರಕ್ಕೆ ಕೈಬಿಟ್ಟು ಹೋಗುತ್ತದೆ. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದು ಕೆಲಸವನ್ನು ಪೂರ್ತಿ ಬಿಡಿಸಿ ಹೇಳ್ತೀನಿ.

ಕೋರ್ಸ್ ಬಿಟ್ಟು ಹೋಗುವುದು ನಮ್ಮ ಕೇರಿಯ ರೋಗ ಅಂತ ಯಾರೂ ತಿಳೀಬೇಡಿ. ಹಾರ್ವರ್ಡ್, ಎಂಐಟಿ ಸೇರಿ ಕಟ್ಟಿದ ಎಡ್‌ಎಕ್ಸ್ ತಾಣದ ಲೆಕ್ಕವನ್ನು ರೀಚ್ ಮತ್ತು ರುಯ್ಪೆರೆಜ್-ವಾಲಿಯೆಂಟೆ ಎಂಬ ಸಂಶೋಧಕರು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೊಟ್ಟಿದ್ದಾರೆ. 2017-18ರಲ್ಲಿ ಅಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಮೂರು ಮಂದಿಯ ಆಸುಪಾಸು. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆ ಅಂತಲೇ ಸೇರಿದವರಲ್ಲಿ ಕೂಡ ಅರ್ಧಕ್ಕಿಂತ ಕಡಿಮೆ. ಹಂಗಾಗಿ "ನಮ್ಮವರಿಗೆ ಛಲ ಇಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜಗತ್ತಿನಲ್ಲಿ ಬಹುಪಾಲು ಜನ ಬಿಟ್ಟೇ ಬಿಡುತ್ತಾರೆ.

"ಮೊದಲೇ ಟೈಮ್‌ಟೇಬಲ್ ಹಾಕಿಕೊಂಡರೆ ಆಯ್ತಲ್ಲ?" ಅಂತೀರಿ. ಅದನ್ನೂ ಪರೀಕ್ಷೆ ಮಾಡಿದ್ದಾರೆ. ಕಿಜಿಲ್ಸೆಕ್ ಮತ್ತು ಜೊತೆಗಾರರು ಸುಮಾರು 250 ಕೋರ್ಸ್‌ಗಳಲ್ಲಿ, ಎರಡೂವರೆ ಲಕ್ಷ ಜನರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಬಂತು. ಶುರುವಿನಲ್ಲಿ ಯೋಜನೆ ಬರೆಸಿದರೆ ಮೊದಲ ಕೆಲವು ವಾರ ಜನ ಹುರುಪಿನಿಂದ ಓದಿದರು, ಆಮೇಲೆ ಆ ಪರಿಣಾಮ ಕರಗಿತು. ನಾನು ಇದನ್ನು ಹೀಗೆ ಓದುತ್ತೇನೆ: ಮೊದಲ ದಿನ ಬರೆದ ಯೋಜನೆಗೆ ಮೂರನೇ ವಾರದಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಕೆಲಸ ಮಾತ್ರ ಕೇಳುತ್ತದೆ. ಅದಕ್ಕೇ ನಮ್ಮ ಮೈಲಿಗಲ್ಲುಗಳು "ಇಷ್ಟು ವಿಡಿಯೋ ನೋಡಿದೆ" ಅನ್ನೋ ಥರ ಇರಬಾರದು. "ಇಷ್ಟು ಕೆಲಸ ಕೈಗೆ ಬಂತು" ಅನ್ನೋ ಥರ ಇರಬೇಕು.

ಈಗ ನಮ್ಮ ಕೆಲಸಕ್ಕೆ ಬರೋಣ.

ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಡಬೇಕು ಅನ್ನೋದು ನಿಮಗೆಲ್ಲ ಗೊತ್ತು. ಮೂರು ವರ್ಷದಲ್ಲಿ ಈ ದುಡ್ಡು ಎಲ್ಲಿ ಹೋಯ್ತು ಅಂತ ನಮ್ಮ ಭಾಗದ ಒಂದು ಸಂಸ್ಥೆಯಿಂದ ಮಾಹಿತಿ ಹಕ್ಕಿನಲ್ಲಿ ಪಟ್ಟಿ ಪಡೆದೆವು. 138 ಕಾಮಗಾರಿ, ಬಂದದ್ದು ಜೆರಾಕ್ಸ್ ಹಾಳೆಗಳಲ್ಲಿ. ಹಾಳೆ ಹಿಡಿದು ಸಭೆಗೆ ಹೋದರೆ ಏನಾಗುತ್ತದೆ? ನಾವು ಒಂದು ಸಾಲು ಓದುತ್ತೇವೆ, ಅವರು ಇನ್ನೊಂದು ಸಾಲು ಓದುತ್ತಾರೆ, ಸಭೆ ಮುಗಿಯುತ್ತದೆ. ಯಾವ ವಾರ್ಡಿಗೆ ಎಷ್ಟು, ಯಾವುದಕ್ಕೆ ಬಿಲ್ ಆಗಿದೆ, ಒಂದೇ ಕಾಮಗಾರಿ ಎರಡು ವರ್ಷ ಬಂದಿದೆಯೋ, ಇವು ಬೇಕಾದರೆ ಪಟ್ಟಿ ಕಂಪ್ಯೂಟರಿಗೆ ಬರಬೇಕು.

ಈ ಕೆಲಸಕ್ಕೆ ನಮ್ಮ ಗುಂಪಿನ ಮೂವರು ಕೂತರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಒಬ್ಬ ತಂಗಿ, ಉಕ್ಕಿನ ಕಾರ್ಖಾನೆಗೆ ಶಿಫ್ಟ್ ಮೇಲೆ ಹೋಗುವ ಒಬ್ಬ ತಮ್ಮ, ಮೂರನೆಯವನು ನಾನು. ಕೋರ್ಸ್ ಆರಿಸುವಾಗ ನಾಲ್ಕು ಪ್ರಶ್ನೆ ಇಟ್ಟುಕೊಂಡೆವು. ಮಾತು ಕನ್ನಡದಲ್ಲಿ ಐತೋ? ಪಾಠ ಸಣ್ಣದೈತೋ? ಅದು ಕಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತೋ? ಮೊದಲನೇ ಪಾಠ ಮುಗಿಯುವಷ್ಟರಲ್ಲಿ ನಮ್ಮ ಪಟ್ಟಿಯ ಒಂದು ಸಾಲನ್ನಾದರೂ ಬರೆಯಬಹುದೋ?

ನಾಲ್ಕಕ್ಕೂ ಹೌದು ಅಂದಿದ್ದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿಬ್ರೆ ಆಫೀಸ್ ಕ್ಯಾಲ್ಕ್ ಪಾಠಗಳು. ತಾಣ spoken-tutorial.org. ಪಾಠ ಒಂದೊಂದೂ ಹತ್ತು ನಿಮಿಷದ ಆಸುಪಾಸು, ದನಿ ಕನ್ನಡದಲ್ಲಿ. ಇವುಗಳ ರೀತಿಯೇ ಬೇರೆ: ಪರದೆಯ ಒಂದು ಅರ್ಧದಲ್ಲಿ ವಿಡಿಯೋ, ಇನ್ನೊಂದು ಅರ್ಧದಲ್ಲಿ ತಂತ್ರಾಂಶ. ಅವರು ಒಂದು ಹೆಜ್ಜೆ ಮಾಡಿದ ಕೂಡಲೇ ವಿಡಿಯೋ ನಿಲ್ಲಿಸಿ ಅದೇ ಹೆಜ್ಜೆ ನಾವು ಮಾಡಬೇಕು. ಹಂಗಾಗಿ ಹತ್ತು ನಿಮಿಷದ ಪಾಠಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಬರೀ ನೋಡಿದರೆ ಇದು ಕಲಿತಂಗಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ವಿಡಿಯೋ ಮೊಬೈಲಿನಲ್ಲಿ ಹಾಕಿಕೊಂಡು, ಕೈಕೆಲಸವನ್ನು ಗೆಳೆಯರ ಕಂಪ್ಯೂಟರಿನಲ್ಲೋ, ಕಂಪ್ಯೂಟರ್ ಇರುವ ಪಂಚಾಯಿತಿ ಗ್ರಂಥಾಲಯದಲ್ಲೋ ಮಾಡಬೇಕಾಗುತ್ತದೆ.

ಈ ಪಾಠಗಳಲ್ಲಿ ಒಂದು ತೊಡಕಿದೆ, ಮೊದಲೇ ಹೇಳಿಬಿಡ್ತೀನಿ. ತೋರಿಸುವ ಪರದೆ ಹಳೆಯ ಆವೃತ್ತಿಯದು. ಉದಾಹರಣೆಗೆ ಆಟೋಫಿಲ್ಟರ್ ಅವರಲ್ಲಿ `Data > Filter > AutoFilter` ಅಂತ ಒಳಗೆ ಕೂತಿರುತ್ತದೆ, ಹೊಸದರಲ್ಲಿ ನೇರ `Data > AutoFilter`. ಮೆನುವಿನಲ್ಲಿ ಹೆಸರು ಕಾಣಲಿಲ್ಲ ಅಂದರೆ ಪಕ್ಕದ ಮೆನು ತೆಗೆದು ನೋಡ್ರಿ. ಅದಕ್ಕೆ ಅಂತ ಕೋರ್ಸ್ ಬಿಡಬೇಡಿ.

ಇನ್ನೊಂದು ಮಾತು. ಪಾಠದಲ್ಲಿ ಉದಾಹರಣೆಗೆ ಮನೆ ಖರ್ಚಿನ ಪಟ್ಟಿ ಇದೆ, ಮನೆ ಬಾಡಿಗೆ, ಕರೆಂಟ್ ಬಿಲ್ ಹೀಗೆ. ನಾವು ಅದನ್ನು ಟೈಪ್ ಮಾಡಲೇ ಇಲ್ಲ. ಅವರು ಬಾಡಿಗೆ ಅಂತ ಬರೆದ ಜಾಗದಲ್ಲಿ ನಾವು "ಚರಂಡಿ ಕಾಮಗಾರಿ" ಅಂತ ಬರೆದೆವು. ಕೋರ್ಸನ್ನು ಕೆಲಸಕ್ಕೆ ಹಚ್ಚೋದು ಅಂದ್ರೆ ನನ್ನ ಪ್ರಕಾರ ಇಷ್ಟೇ. ಕಲಿತ ಮೇಲೆ ಹಚ್ಚುವುದಲ್ಲ, ಮೊದಲ ಪಾಠದಿಂದಲೇ ಅವರ ಉದಾಹರಣೆ ತೆಗೆದು ನಮ್ಮದನ್ನು ಇಡುವುದು.

ಆರು ವಾರಕ್ಕೆ ನಾಲ್ಕು ಮೈಲಿಗಲ್ಲು ಹಾಕಿದೆವು. ಶಿಫ್ಟಿನ ತಮ್ಮನಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ ಡ್ಯೂಟಿ. "ದಿನಾ ರಾತ್ರಿ ಎಂಟಕ್ಕೆ ಕೂರೋಣ" ಅನ್ನೋ ಟೈಮ್‌ಟೇಬಲ್ ತೋರಣಗಲ್ಲು ಸುತ್ತಮುತ್ತಲ ಯಾವ ಕಾರ್ಮಿಕನ ಮನೆಯಲ್ಲೂ ನಡೆಯಲ್ಲ. ಅದಕ್ಕೆ ಗಂಟೆ ಲೆಕ್ಕ ಬಿಟ್ಟು ಕೂತ ಲೆಕ್ಕ ಹಿಡಿದೆವು: ವಾರಕ್ಕೆ ಮೂರು ಸಲ ಕೂರಬೇಕು, ಯಾವಾಗ ಅನ್ನೋದು ಆ ವಾರದ ಶಿಫ್ಟ್ ನೋಡಿ ಭಾನುವಾರ ತೀರ್ಮಾನ. ಯೋಜನೆಯನ್ನು ಒಂದೇ ಸಲ ಅಲ್ಲ, ವಾರವಾರ ಹೊಸದಾಗಿ ಹಾಕಿದ್ದು ಇದೇ ಕಾರಣಕ್ಕೆ.

ಮೊದಲ ಮೈಲಿಗಲ್ಲು: 138 ಸಾಲೂ ಕಂಪ್ಯೂಟರಿನಲ್ಲಿ ಇರಬೇಕು. ಇದಕ್ಕೆ ಮೊದಲ ಮೂರು ಪಾಠ ಸಾಕು: ಕ್ಯಾಲ್ಕ್ ಪರಿಚಯ, ಸೆಲ್, ಶೀಟ್. ಕಾಲಂ ಹೀಗೆ ಇಟ್ಟೆವು: A ಕ್ರಮ ಸಂಖ್ಯೆ, B ಕಾಮಗಾರಿಯ ಹೆಸರು, C ವಾರ್ಡ್, D ವರ್ಷ, E ಹಂತ, F ಅಂದಾಜು ಮೊತ್ತ, G ಪಾವತಿಯಾದ ಮೊತ್ತ. ತಲೆಬರಹ ಒಂದನೇ ಸಾಲಿನಲ್ಲಿ, ಮಾಹಿತಿ 2ರಿಂದ 139ರವರೆಗೆ. ಒಬ್ಬರು ಓದಿ ಹೇಳೋದು, ಇನ್ನೊಬ್ಬರು ಟೈಪ್ ಮಾಡೋದು. ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಫಾಂಟ್ ಬದಲಾದ ಕೂಡಲೇ ಅಕ್ಷರ ಹೋಗಿ ಇಂಗ್ಲಿಷ್ ಕಾಗುಣಿತದ ಕಸ ಕಾಣುತ್ತದೆ, ಹುಡುಕಿದರೆ ಏನೂ ಸಿಗಲ್ಲ.

ಎರಡನೇ ಮೈಲಿಗಲ್ಲು: ಪಟ್ಟಿ ಶುದ್ಧ ಆಗಬೇಕು. ಹೆಚ್ಚು ಜನ ಸೋಲುವುದು ಇಲ್ಲೇ, ಯಾಕಂದ್ರೆ ತಪ್ಪು ಕಣ್ಣಿಗೆ ಕಾಣಲ್ಲ. ನಮ್ಮ ಕಚೇರಿಗಳಲ್ಲಿ ಮೊತ್ತ ಬರೆಯುವ ರೂಢಿ ಏನು? "2,50,000/-". ಕೊನೆಗೆ ಗೀಟು, ಅಡ್ಡಗೆರೆ. ಇದನ್ನು ಹಂಗೇ ಟೈಪ್ ಮಾಡಿದರೆ ಕ್ಯಾಲ್ಕ್ ಅದನ್ನು ಅಂಕಿ ಅಂತ ತಿಳಿಯಲ್ಲ, ಅಕ್ಷರ ಅಂತ ತಿಳಿಯುತ್ತದೆ. ಒಟ್ಟು ಹಾಕುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಲ್ಲೂ ತಪ್ಪು ಅಂತ ತೋರಿಸಲ್ಲ, ಮೊತ್ತ ಮಾತ್ರ ಕಡಿಮೆ ಬರುತ್ತದೆ. ಆ ಕಡಿಮೆ ಮೊತ್ತ ಹಿಡಿದು ನೀವು ಸಭೆಯಲ್ಲಿ ಎದ್ದು ನಿಂತರೆ ಅಲ್ಲೇ ಮುಖಭಂಗ.

ಕಂಡುಹಿಡಿಯೋದು ಸುಲಭ. ಖಾಲಿ ಸೆಲ್‌ನಲ್ಲಿ ಹೀಗೆ ಬರೀರಿ:

```
=COUNT(F2:F139)
```

ಇದು ಅಂಕಿಗಳನ್ನು ಮಾತ್ರ ಎಣಿಸುತ್ತದೆ. 138 ಬರಬೇಕು. ನಮಗೆ ಬಂದದ್ದು 121. ಅಂದ್ರೆ 17 ಮೊತ್ತ ಅಕ್ಷರವಾಗಿ ಕೂತಿದ್ದವು. ಅವು ಯಾವುವು? `Ctrl+F8` ಒತ್ತಿದರೆ ಅಂಕಿ ನೀಲಿ, ಅಕ್ಷರ ಕಪ್ಪು, ಸೂತ್ರ ಹಸಿರು ಬಣ್ಣದಲ್ಲಿ ಕಾಣುತ್ತವೆ. ಮೊತ್ತದ ಕಾಲಂನಲ್ಲಿ ಕಪ್ಪಗಿರುವುದೆಲ್ಲ ಕಳ್ಳ. ಅವನ್ನು ಅಳಿಸಿ ಗೀಟು, ಅಲ್ಪವಿರಾಮ ಯಾವುದೂ ಇಲ್ಲದೆ 250000 ಅಂತ ಬರೆದರೆ ನೀಲಿಗೆ ತಿರುಗುತ್ತವೆ. ಅಲ್ಪವಿರಾಮ ಬೇಕಿದ್ದರೆ ಆಮೇಲೆ ಫಾರ್ಮ್ಯಾಟ್‌ನಲ್ಲಿ ಹಾಕಿಕೊಳ್ಳಬಹುದು.

ಎರಡನೇ ಕಸ ವಾರ್ಡ್ ಕಾಲಂನಲ್ಲಿ. ಒಬ್ಬರು "5" ಅಂತ ಬರೆದಿದ್ದರು, ಒಬ್ಬರು "5ನೇ ವಾರ್ಡ್", ಇನ್ನೊಬ್ಬರು "ವಾರ್ಡ್ 5". ನಮಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂರು ಬೇರೆ ಊರು. ಆಟೋಫಿಲ್ಟರ್ ಹಾಕಿ ಕಾಲಂ ತಲೆಯ ಬಾಣ ಒತ್ತಿದರೆ ಇರುವ ಬಗೆಗಳೆಲ್ಲ ಸಾಲಾಗಿ ಕಾಣುತ್ತವೆ. ಬರೀ ಸಂಖ್ಯೆ ಉಳಿಯುವ ತನಕ ತಿದ್ದಬೇಕು. ಹಂತದ ಕಾಲಂಗೂ ಇದೇ: "ಮುಗಿದಿದೆ", "ನಡೆದಿದೆ", "ಶುರುವಾಗಿಲ್ಲ", ಈ ಮೂರೇ ಪದ, ನಾಲ್ಕನೆಯದು ಇರಕೂಡದು. ಈ ವಾರ ನೋಡಿದ ಪಾಠ ಎರಡೇ. ಹೊರಗಿನಿಂದ ನೋಡಿದವರಿಗೆ "ಇವರ ಕೋರ್ಸ್ ನಿಂತುಹೋಯ್ತು" ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ನಾವು ಅತಿ ಹೆಚ್ಚು ಕಲಿತ ವಾರ ಅದು.

ಮೂರನೇ ಮೈಲಿಗಲ್ಲು: ವಾರ್ಡುವಾರು ಮೊತ್ತ ಬರಬೇಕು, ತಾಳೆ ಆಗಬೇಕು. ಸೂತ್ರಗಳ ಪಾಠ ಷರತ್ತು ಹಾಕುವುದನ್ನು ಕಲಿಸುತ್ತದೆ. ಅಲ್ಲಿಂದ ಮುಂದೆ ನಮಗೆ ಬೇಕಾದ `SUMIF` ಅನ್ನು `F1` ಒತ್ತಿ ಸಹಾಯದಲ್ಲಿ ಓದಿಕೊಂಡೆವು. J ಕಾಲಂನಲ್ಲಿ ವಾರ್ಡ್ ಸಂಖ್ಯೆ ಬರೆದು, ಪಕ್ಕದಲ್ಲಿ:

```
=SUMIF($C$2:$C$139;J2;$F$2:$F$139)
```

ಹೇಳೋದಿಷ್ಟು: C ಕಾಲಂನಲ್ಲಿ ಎಲ್ಲೆಲ್ಲಿ J2ರಲ್ಲಿರುವ ವಾರ್ಡ್ ಇದೆಯೋ, ಆ ಸಾಲುಗಳ F ಮೊತ್ತವನ್ನು ಕೂಡಿಸು. ಡಾಲರ್ ಗುರುತು ಯಾಕೆ? ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ C2 ಅನ್ನೋದು C3, C4 ಅಂತ ಜಾರುತ್ತದೆ. ಮೇಲಿನ ಕಾಮಗಾರಿಗಳು ಒಂದೊಂದೇ ಲೆಕ್ಕದಿಂದ ಹೊರಗೆ ಬೀಳುತ್ತವೆ. ಡಾಲರ್ ಹಾಕಿದರೆ ಜಾರಲ್ಲ. ಜಾರಿದೆಯೋ ಇಲ್ಲವೋ ತಿಳಿಯಲು ಒಂದೇ ಪರೀಕ್ಷೆ: ಎಲ್ಲ ವಾರ್ಡುಗಳ ಮೊತ್ತ ಕೂಡಿಸಿದ್ದು, F ಕಾಲಂನ ಒಟ್ಟು ಮೊತ್ತ, ಎರಡೂ ಒಂದೇ ಇರಬೇಕು. ಒಂದು ರೂಪಾಯಿ ವ್ಯತ್ಯಾಸ ಇದ್ದರೂ ಮೈಲಿಗಲ್ಲು ದಾಟಿಲ್ಲ ಅಂತಲೇ. ಕ್ಯಾಶ್ ಬುಕ್ ಬರೆಯುವ ಗುಮಾಸ್ತನಿಗೆ ಇದು ಹೊಸದಲ್ಲ, ತಾಳೆ ಆಗದೆ ಪುಸ್ತಕ ಮುಚ್ಚಲ್ಲ. ಕೋರ್ಸಿನ ಕೊನೆಯ ಕ್ವಿಜ್‌ಗಿಂತ ಈ ತಾಳೆಯೇ ನನಗೆ ಗಟ್ಟಿ ಪರೀಕ್ಷೆ ಅನ್ನಿಸುತ್ತದೆ, ಯಾಕಂದ್ರೆ ಇಲ್ಲಿ ಊಹೆ ಮಾಡಿ ಪಾಸಾಗಲು ಬರಲ್ಲ.

ಶೇ. 24.10 ಸರಿಯಾಗಿ ಇಟ್ಟಿದ್ದಾರೋ ನೋಡಲು ಸೂತ್ರ ಇನ್ನೂ ಸರಳ. ಸ್ವಂತ ಆದಾಯ B2ರಲ್ಲಿ ಇದ್ದರೆ `=B2*24.10%`. ಲೆಕ್ಕಕ್ಕೆ ಅಂತ ಆದಾಯ 40 ಲಕ್ಷ ಅಂದುಕೊಳ್ಳಿ, 9,64,000 ಬರುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು: ಸರ್ಕಾರದಿಂದ ಬಂದ ಅನುದಾನವನ್ನು ಸ್ವಂತ ಆದಾಯಕ್ಕೆ ಸೇರಿಸಿಬಿಟ್ಟರೆ ಲೆಕ್ಕ ಕೆಡುತ್ತದೆ. ಯಾವುದು ಸ್ವಂತದ್ದು ಅಂತ ಬಜೆಟ್ ಪುಸ್ತಕ ನೋಡಿ ತೀರ್ಮಾನಿಸಬೇಕು. ಕ್ಯಾಲ್ಕ್ ಅದನ್ನು ಹೇಳಿಕೊಡಲ್ಲ.

ನಾಲ್ಕನೇ ಮೈಲಿಗಲ್ಲು: ಒಂದೇ ಹಾಳೆ, ಕೋರ್ಸ್ ಮಾಡದವರು ಅದನ್ನು ಓದಿ ಹೇಳಬೇಕು. ಕೊನೆಯ ಎರಡು ವಾರ ಫಾರ್ಮ್ಯಾಟಿಂಗ್, ಚಾರ್ಟ್ ಪಾಠ ನೋಡಿ, ವಾರ್ಡುವಾರು ಪಟ್ಟಿ ಮತ್ತು ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿದೆವು. ಅದನ್ನು ಕೇರಿಯ ಒಬ್ಬ ಹಿರಿಯ ಅಕ್ಕನ ಕೈಗೆ ಕೊಟ್ಟು "ಓದವ್ವ" ಅಂದೆವು. ಆಕೆ ಬೆರಳಿಟ್ಟು ಕೇಳಿದ್ದು: "ಅಂದಾಜು ಇಷ್ಟು, ಕೊಟ್ಟಿದ್ದು ಇಷ್ಟು. ಉಳಿದಿದ್ದು ಎಲ್ಲೈತಿ?" ಆ ಕಾಲಂ ನಮ್ಮ ಹಾಳೆಯಲ್ಲಿ ಇರಲಿಲ್ಲ. F ಇಂದ G ಕಳೆದು ಹೊಸ ಕಾಲಂ ಹಾಕಿದೆವು. ಕಲಿತವರು ಕಲಿತವರಿಗೇ ತೋರಿಸಿಕೊಂಡಿದ್ದರೆ ಆ ಪ್ರಶ್ನೆ ಬರುತ್ತಲೇ ಇರಲಿಲ್ಲ.

ಫಲ ಏನು? ಉತ್ಪ್ರೇಕ್ಷೆ ಮಾಡಲ್ಲ. ಹೆಸರು ಎರಡು ವರ್ಷ ಬಂದಿದ್ದ ಕಾಮಗಾರಿ ಆರು ಸಿಕ್ಕವು. "ಸಿಕ್ಕಿಬಿದ್ರು" ಅಂತ ನಮ್ಮ ತಮ್ಮ ಕುಣಿದ. ಕಡತ ಕೇಳಿ ನೋಡಿದಾಗ ಮೂರು ಹಿಂದಿನ ವರ್ಷದಿಂದ ಮುಂದುವರಿದ ಕಾಮಗಾರಿ, ಅದರಲ್ಲಿ ತಪ್ಪೇನಿಲ್ಲ. ಉಳಿದ ಮೂರಕ್ಕೆ ವಿವರಣೆ ಇನ್ನೂ ಬರಬೇಕು, ಪತ್ರ ಕೊಟ್ಟಿದ್ದೇವೆ. ಪಟ್ಟಿ ಹೇಳುವುದು ಎಲ್ಲಿ ಕೇಳಬೇಕು ಅಂತ ಮಾತ್ರ. ಕಳ್ಳತನ ಆಗಿದೆ ಅಂತ ಅದು ಹೇಳಲ್ಲ. ಜಾಗಕ್ಕೆ ಹೋಗಿ ಚರಂಡಿ ಇದೆಯೋ ಇಲ್ಲವೋ ನೋಡುವ ಕೆಲಸ ಕಾಲಿನದು. ಆದರೆ ಸಭೆಯಲ್ಲಿ "ದಲಿತ ಕೇರಿಗೆ ಏನೂ ಮಾಡಿಲ್ಲ" ಅನ್ನುವುದಕ್ಕೂ, "ಕ್ರಮ ಸಂಖ್ಯೆ ಇಂಥದ್ದು, ವರ್ಷ ಇಂಥದ್ದು, ಪಾವತಿ ಇಷ್ಟು, ಕಡತ ತೋರಿಸಿ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಭಾಷಣದ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಕಡತ ತರಲೇಬೇಕು.

ಈಗ ವಾದಕ್ಕೆ ಬರ್ತೀನಿ. ಕೆಲವರು ಕೇಳ್ತಾರೆ: "ನಿನಗೆ ನೌಕರಿ ಐತಿ, ಸರ್ಟಿಫಿಕೇಟ್ ಬ್ಯಾಡ ಅಂತೀಯ. ನಿರುದ್ಯೋಗಿ ಹುಡುಗರ ಪಾಡೇನು?" ನ್ಯಾಯವಾದ ಮಾತು. ಕಾಗದ ಬೇಕಿದ್ದವರು ಸ್ವಯಂ ತಾಣದ ಎನ್‌ಪಿಟಿಇಎಲ್ ಕೋರ್ಸ್‌ಗಳನ್ನು ನೋಡಬಹುದು. ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅದರಲ್ಲೂ ಪರಿಶಿಷ್ಟರಿಗೆ ರಿಯಾಯಿತಿ ಇದೆ, ಅರ್ಜಿ ತುಂಬುವಾಗ ಜಾತಿ ಪ್ರಮಾಣಪತ್ರ ಹಾಕಬೇಕು. 12 ವಾರದ ಕೋರ್ಸ್ ಆದರೆ ವಾರಕ್ಕೊಂದು ಅಸೈನ್‌ಮೆಂಟ್, ಅದರಲ್ಲಿ ಒಳ್ಳೆಯ 8ರ ಸರಾಸರಿಗೆ 25 ಅಂಕ. ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30, ಎರಡೂ ಬಂದರೆ ಮಾತ್ರ ಸರ್ಟಿಫಿಕೇಟ್. ನಾಲ್ಕು ವಾರ ತಪ್ಪಿದರೂ ಕೋರ್ಸ್ ಕೈಬಿಡುವುದಿಲ್ಲ ಅನ್ನೋದು ಕೂಲಿ ಮಾಡುತ್ತಾ ಓದುವವರಿಗೆ ದೊಡ್ಡ ವಿಷಯ. ತೊಡಕು ಅಂದ್ರೆ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ, ಮತ್ತು ಪರೀಕ್ಷೆಗೆ ಬೇರೆ ಊರಿಗೆ ಹೋಗಬೇಕಾದೀತು. ಬಸ್ ಚಾರ್ಜ್, ಒಂದು ದಿನದ ಕೂಲಿ, ಇವನ್ನೂ ಶುಲ್ಕಕ್ಕೆ ಸೇರಿಸಿ ಲೆಕ್ಕ ಹಾಕಿಯೇ ಸೇರಿಕೊಳ್ಳಿ.

ಆದರೆ ಆ ಕೋರ್ಸಿಗೂ ನನ್ನ ಪ್ರಶ್ನೆ ಬದಲಾಗಲ್ಲ. ಕೆಲಸ ಕೊಡುವವನು ಸರ್ಟಿಫಿಕೇಟ್ ನೋಡಿದ ಮೇಲೆ "ಏನು ಮಾಡಿ ತೋರಿಸ್ತೀಯ?" ಅಂತ ಕೇಳೇ ಕೇಳ್ತಾನೆ. ನಮ್ಮ ತಂಗಿಯ ಹತ್ತಿರ ಈಗ ತೋರಿಸಲು 138 ಸಾಲಿನ ಪಟ್ಟಿ ಇದೆ, ತಾಳೆಯಾದ ಲೆಕ್ಕ ಇದೆ. ಸೂತ್ರದಲ್ಲಿ ಡಾಲರ್ ಯಾಕೆ ಅಂತ ಕೇಳಿದರೆ ಉತ್ತರ ಇದೆ.

ಕೋರ್ಸ್ ಮುಗಿದಿದೆ ಅಂತ ಯಾವಾಗ ಹೇಳೋದು? ಚಿತ್ರ ಸೇರಿಸುವ ಪಾಠ ನಾವು ಕೊನೆಗೆ, ಪಟ್ಟಿ ಕೈಸೇರಿದ ಮೇಲೆ ನೋಡಿದೆವು. ಅದು ನೋಡಿದ ದಿನ ಮುಗಿಯಿತು ಅಂತ ನನಗೆ ಅನ್ನಿಸಲಿಲ್ಲ. ಪಕ್ಕದ ಊರಿನ ಗುಂಪಿನವರು ತಮ್ಮ ಪಂಚಾಯಿತಿಯ ಉದ್ಯೋಗ ಖಾತ್ರಿ ಪಟ್ಟಿ ತಂದು, ನಮ್ಮ ತಂಗಿ ಅವರ ಪಕ್ಕದಲ್ಲಿ ಕೂತು "ಮೊದಲು `COUNT` ಹಾಕ್ರಿ, ಆಮೇಲೆ ಒಟ್ಟು" ಅಂದಳು ನೋಡಿ, ಅವತ್ತು ಮುಗಿಯಿತು ಅಂತ ನಾನು ಬರೆದುಕೊಂಡೆ.

ಹಂಗಾಗಿ ಈ ವಾರ ಕೋರ್ಸ್ ಹುಡುಕುವವರು ಮೊದಲು ನಿಮ್ಮ ಸಂಘಟನೆಯ ಕಪಾಟು ತೆಗೀರಿ. ಯಾರೂ ಮುಟ್ಟದ ಮಾಹಿತಿ ಹಕ್ಕಿನ ಹಾಳೆ ಕಟ್ಟು ಒಂದು ಇದ್ದೇ ಇರುತ್ತದೆ. ಅದನ್ನು ಬಿಚ್ಚಿ, ಸಾಲು ಎಣಿಸಿ, ಆಮೇಲೆ ಕೋರ್ಸ್ ಆರಿಸಿ.

ಜೈ ಭೀಮ್.